‘ನೋಡಮ್ರಿ’ ಅಂತ ಬರೆದು ಬಿಡಬೇಡಿ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಬೇಳೆ ಮಿಲ್ ನಡೆಸುವ ಮಾಲಕರೊಬ್ಬರು ಒಂದು ಸಂಜೆ ಫೋನ್ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. ಮುಖ ಸಣ್ಣದಾಗಿತ್ತು. ‘ಮೇಡಂ, ನಾ ಬ್ಯಾಡ ಅಂದೀನಿ, ಅವ್ರು ಮತ್ತ ಮತ್ತ ಫೋನ್ ಮಾಡ್ಲಿಕತ್ತಾರ. ಎತ್ಲಿಕ್ಕ ನಾಚಿಕಿ ಬರ್ತದ’ ಅಂದರು. ಶೆಡ್ ಕೆಲಸಕ್ಕೆ ಕೊಟೇಶನ್ ಕೊಟ್ಟಿದ್ದವರಿಗೆ ನೀವು ಕಳಿಸಿದ ಮೆಸೇಜ್ ತೋರಿಸಿ ಅಂದೆ. ಹೀಗಿತ್ತು:

‘ರೇಟ್ ಭಾಳ ಆಯ್ತ್ರಿ. ಬ್ಯಾರೆದವ್ರು 5.70ಕ್ಕ ಮಾಡ್ಲಿಕತ್ತಾರ. ನೋಡಮ್ರಿ ಮುಂದ.’

ಇದರಲ್ಲಿ ‘ಬ್ಯಾಡ’ ಎಲ್ಲಿದೆ ಅಂತ ಕೇಳಿದೆ. ಅವರು ಇನ್ನೊಮ್ಮೆ ಓದಿಕೊಂಡರು. ಇರಲಿಲ್ಲ.

ಹದಿನಾರು ವರ್ಷ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೆ. ಈಗ ಸಣ್ಣ ಮಿಲ್, ಅಂಗಡಿಗಳ ಪತ್ರ ವ್ಯವಹಾರ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ನನ್ನನ್ನು ದಣಿಸಿದ್ದು ಒಂದೇ ವಿಷಯ. ನಮ್ಮ ಜನ ಮನಸ್ಸು ನೋಯಿಸಬಾರದು ಅಂತ ‘ಬೇಡ’ ಅನ್ನುವ ಮಾತನ್ನೇ ನುಂಗಿಬಿಡುತ್ತಾರೆ. ‘ನೋಡಮ್ರಿ’, ‘ತಿಳಿಸ್ತೀನಿ’, ‘ಮನ್ಯಾಗ ಕೇಳ್ತೀನಿ’ ಅಂದರೆ ನಾಳೆ ಮತ್ತೆ ಕೇಳಲು ಮುಖ ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು. ಸ್ಪಷ್ಟವಾಗಿ ‘ಇಲ್ಲ’ ಅಂದವರ ಮನೆಗೆ ಎದುರಿನವರು ಮತ್ತೆ ಬರುತ್ತಾರೆ. ‘ನೋಡಮ್ರಿ’ ಅಂತ ಕಾಯಿಸಿದವರ ನಂಬರ್ ಕಂಡರೆ ಫೋನ್ ಎತ್ತುವುದಿಲ್ಲ.

ಮಾಲಕರ ಕೇಸನ್ನೇ ನೋಡೋಣ. ತೊಗರಿ ಬರುವ ಮೊದಲು ಗೋದಾಮಿಗೆ 40 ಅಡಿ ಅಗಲ, 60 ಅಡಿ ಉದ್ದದ ಶೆಡ್ ಬೇಕಿತ್ತು. ಅಕ್ಟೋಬರ್‌ನಲ್ಲಿ ಇಬ್ಬರು ಫ್ಯಾಬ್ರಿಕೇಟರ್‌ಗಳಿಂದ ಕೊಟೇಶನ್ ತರಿಸಿದರು. ಒಬ್ಬರದು 6 ಲಕ್ಷ 20 ಸಾವಿರ, ಇನ್ನೊಬ್ಬರದು 5 ಲಕ್ಷ 70 ಸಾವಿರ, ಎರಡಕ್ಕೂ ಜಿಎಸ್‌ಟಿ ಬೇರೆ. ಮಾಲಕರು ಕಡಿಮೆಯವರಿಗೆ 1 ಲಕ್ಷ ಅಡ್ವಾನ್ಸ್ ಕೊಟ್ಟೇಬಿಟ್ಟರು. ಆಮೇಲೆ ಮೊದಲನೆಯವರಿಗೆ ಆ ಮೆಸೇಜ್ ಹಾಕಿದರು.

ಈಗ ಮೊದಲನೆಯವರ ಜಾಗದಲ್ಲಿ ನಿಂತು ಓದಿ. ‘ರೇಟ್ ಭಾಳ ಆಯ್ತು’ ಅಂದರೆ ವ್ಯಾಪಾರದಲ್ಲಿ ಏನರ್ಥ? ಸ್ವಲ್ಪ ಇಳಿಸು ಅಂತ. ಅವರು ಹಾಗೇ ತಿಳಿದರು. ರಾತ್ರಿ ಕೂತು ಲೆಕ್ಕ ಹಾಕಿ 5 ಲಕ್ಷ 60 ಸಾವಿರದ ಹೊಸ ಕೊಟೇಶನ್ ಕಳಿಸಿದರು. ಮಾಲಕರು ಗಾಬರಿಯಾಗಿ ಫೋನ್ ಎತ್ತುವುದನ್ನೇ ಬಿಟ್ಟರು. ಅಲ್ಲಿ ಆ ಫ್ಯಾಬ್ರಿಕೇಟರ್ ಈ ಕೆಲಸಕ್ಕೆ ಅಂತ ತನ್ನ ವೆಲ್ಡಿಂಗ್ ಹುಡುಗರಿಗೆ ತಾರೀಖು ಹೇಳಿಟ್ಟಿದ್ದರು. ಕಬ್ಬಿಣದ ಅಂಗಡಿಯಲ್ಲಿ ಪೈಪಿನ ರೇಟ್ ಹಿಡಿದಿಡಲು ಹೇಳಿದ್ದರು. ಕೊಟೇಶನ್ ಕೆಳಗೆ ‘15 ದಿನ ಮಾತ್ರ’ ಅಂತ ಬರೆದಿರುತ್ತಾರಲ್ಲ, ಅದು ಸುಮ್ನೆ ಬರೆದದ್ದಲ್ಲ. ಕಬ್ಬಿಣದ ರೇಟ್ ಅಷ್ಟು ದಿನಕ್ಕಿಂತ ಜಾಸ್ತಿ ನಂಬಲಿಕ್ಕೆ ಬರುವುದಿಲ್ಲ. ನೀವು ಬಾಯಿ ಬಿಡದ ಒಂದೊಂದು ದಿನವೂ ಅವರ ಕೈಯಿಂದ ಬೇರೊಂದು ಕೆಲಸ ಜಾರಬಹುದು.

ಇದನ್ನು ಎಷ್ಟು ಸಲ ಹೇಳಿದರೂ ನಾಟುವುದಿಲ್ಲ, ಅದಕ್ಕೇ ಇಲ್ಲಿ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಚೌಕಾಸಿ ಬೇರೆ, ಬೇಡ ಅನ್ನುವುದು ಬೇರೆ. ಎರಡನ್ನೂ ಒಂದೇ ಮೆಸೇಜಿನಲ್ಲಿ ಹಾಕಬೇಡಿ. ರೇಟ್ ಇಳಿದರೆ ಅವರಿಗೇ ಕೊಡುವ ಮನಸ್ಸಿದ್ದರೆ ನಿರ್ಧಾರಕ್ಕೆ ಮೊದಲು ಚೌಕಾಸಿ ಮಾಡಿ. ‘ಇಷ್ಟಕ್ಕೆ ಆದರೆ ಕೆಲಸ ನಿಮ್ಮದೇ’ ಅಂತ ನೇರವಾಗಿ ಕೇಳಿ. ನಿರ್ಧಾರ ಆಗಿಹೋದ ಮೇಲೆ ರೇಟಿನ ಮಾತು ಎತ್ತಲೇಬೇಡಿ.

ಕಾನೂನೂ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ಒಪ್ಪಿಗೆ ಅಂದರೆ ಷರತ್ತಿಲ್ಲದ ಪೂರ್ತಿ ಒಪ್ಪಿಗೆ. 6.20 ಅಂದವರಿಗೆ ‘5.70ಕ್ಕೆ ಮಾಡಿ’ ಅಂದರೆ ಅದು ನಿಮ್ಮ ಕಡೆಯ ಹೊಸ ಪ್ರಸ್ತಾಪ. ಅವರ ಹಳೆಯ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಗುತ್ತದೆ. ಆಮೇಲೆ ‘ಆಯ್ತು, 6.20ಕ್ಕೇ ಮಾಡ್ರಿ’ ಅಂದರೂ ಅವರು ಒಪ್ಪಲೇಬೇಕು ಅಂತಿಲ್ಲ. ನಾನು ವಕೀಲಳಲ್ಲ. ದೊಡ್ಡ ಮೊತ್ತವಿದ್ದರೆ, ಅಡ್ವಾನ್ಸ್ ಕೈ ಬದಲಾಗಿದ್ದರೆ, ‘ಫೈನಲ್ ಓಕೆ’ ಅಂತ ಈಗಾಗಲೇ ವಾಟ್ಸಾಪ್‌ನಲ್ಲಿ ಬರೆದುಬಿಟ್ಟಿದ್ದರೆ, ಬೇಡ ಅನ್ನುವ ಮೊದಲು ವಕೀಲರಿಗೆ ತೋರಿಸಿ.

ಆ ಸಂಜೆ ಮಾಲಕರನ್ನು ಕೂರಿಸಿಕೊಂಡು ಹೀಗೆ ಬರೆಸಿದೆ. ಅವರ ಮಾತಿನಲ್ಲೇ ಇರಲಿ ಅಂತ ಹೆಚ್ಚು ತಿದ್ದಲಿಲ್ಲ:

‘ನಮಸ್ಕಾರ ಅಣ್ಣಾ. ಶೆಡ್ಡಿನ ಕೆಲಸ ಈ ಸಲ ಬ್ಯಾರೆದವ್ರಿಗಿ ಕೊಟ್ಟೀವ್ರಿ, ಅಡ್ವಾನ್ಸ್ ಹೋಗ್ಯಾದ. ಮೊದ್ಲೇ ಹೇಳ್ಬೇಕಿತ್ತು, ತಪ್ಪು ನಂದೇ. ನಮ್ಮ ಸಲುವಾಗಿ ಮಾಲು, ತಾರೀಖು ಹಿಡಿದಿಟ್ಟಿದ್ರ ಬಿಟ್ಟುಬಿಡ್ರಿ. ನೀವು ಎರಡು ಸಲ ಬಂದು ಅಳತಿ ತಗೊಂಡ್ರಿ, ಗಟರ್ ಖರ್ಚು ಬ್ಯಾರೆ ತೋರ್ಸಿ ಕೊಟ್ರಿ, ಅದು ಭಾಳ ಉಪಯೋಗ ಆಯ್ತು. ಹಮಾಲರು ಚೀಲ ಇಳಿಸೋ ಜಾಗಕ್ಕ ಏಪ್ರಿಲ್‌ದಾಗ ಪತ್ರಾ ಹಾಕಿಸೋದದ. ಅದಕ್ಕ ನಿಮಗ ಕೊಟೇಶನ್ ಕೇಳ್ತೀನಿ.’

ಮೊದಲ ಸಾಲಿನಲ್ಲೇ ಕೆಲಸ ಹೋಯಿತು ಅಂತ ಗೊತ್ತಾಗುತ್ತದೆ. ಎದುರಿನವರು ಏನು ಮಾಡಬಹುದು ಅನ್ನುವುದೂ ಇದೆ: ಮಾಲು ಬಿಡಬಹುದು, ಹುಡುಗರನ್ನು ಬೇರೆ ಕಡೆ ಕಳಿಸಬಹುದು. ಇನ್ನೊಬ್ಬರ ಹೆಸರಿಲ್ಲ, ಅವರ ಅಂಕಿಯೂ ಇಲ್ಲ. ಒಬ್ಬರ ರೇಟನ್ನು ಇನ್ನೊಬ್ಬರಿಗೆ ಹೇಳುವವರು ನಾಳೆ ನನ್ನ ರೇಟನ್ನೂ ಊರಿಗೆಲ್ಲ ಹೇಳುತ್ತಾರೆ ಅಂತ ಯಾವ ವ್ಯಾಪಾರಿಗಾದರೂ ಅನಿಸುತ್ತದೆ.

ಥ್ಯಾಂಕ್ಸ್ ಹೇಳಿದ ಸಾಲನ್ನು ಗಮನಿಸಿ. ‘ನಿಮ್ಮ ಸಹಕಾರಕ್ಕೆ ಧನ್ಯವಾದ’ ಅಂದಿದ್ದರೆ ಅವರು ಓದದೆ ದಾಟುತ್ತಿದ್ದರು. ಎರಡು ಸಲ ಬಂದು ಅಳತೆ ತೆಗೆದದ್ದು, ಗಟರ್ ಲೆಕ್ಕ ಬೇರೆ ಕೊಟ್ಟದ್ದು ನಿಜವಾಗಿ ಅವರು ಮಾಡಿದ ಕೆಲಸ. ಕಂಡಿದ್ದನ್ನು ಹೇಳಿದರೆ ಮನುಷ್ಯನಿಗೆ ತನ್ನ ಶ್ರಮ ಯಾರೋ ನೋಡಿದರು ಅನಿಸುತ್ತದೆ.

ಕೊನೆಯ ಸಾಲಿನ ಬಗ್ಗೆ ಮಾತ್ರ ಎಚ್ಚರಿಕೆ. ಏಪ್ರಿಲ್ ಕೆಲಸ ಮಾಲಕರ ತಲೆಯಲ್ಲಿ ನಿಜವಾಗಿ ಇತ್ತು. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಮುಂದೆ ಯಾವ ಕೆಲಸವೂ ಇಲ್ಲದಿದ್ದರೆ ಆ ಸಾಲು ಬರೆಯಬೇಡಿ. ‘ಸದ್ಯ ಬೇರೆ ಕೆಲಸ ಇಲ್ಲ, ನಂಬರ್ ಇಟ್ಟುಕೊಂಡಿರ್ತೀನಿ’ ಅಂದರೆ ಸಾಕು. ಸುಳ್ಳು ಆಸೆ ಹುಟ್ಟಿಸಿದರೆ ಮತ್ತೆ ‘ನೋಡಮ್ರಿ’ಗೇ ಬಂದು ನಿಂತ ಹಾಗೆ.

ಎದುರಿನವರು ವಯಸ್ಸಿನಲ್ಲಿ ದೊಡ್ಡವರಾದರೆ ಮೊದಲು ಫೋನ್ ಮಾಡಿ, ಆಮೇಲೆ ಮೆಸೇಜ್ ಹಾಕಿ. ನಮ್ಮ ಕಡೆ ಬರೀ ಮೆಸೇಜ್ ಹಾಕಿದರೆ ‘ಒಂದ್ ಮಾತು ಫೋನಿನ್ಯಾಗ ಹೇಳ್ಲಿಲ್ಲ’ ಅನ್ನುತ್ತಾರೆ. ಬರೀ ಫೋನ್ ಆದರೆ ಬರಹದ ಗುರುತು ಉಳಿಯುವುದಿಲ್ಲ.

ಕೆಲಸದ ಆಫರ್ ಬೇಡ ಅನ್ನುವಾಗಲೂ ಜನ ಇದೇ ತಪ್ಪು ಮಾಡುತ್ತಾರೆ. ಶಹಾಬಾದ್ ಕಡೆಯ ಒಬ್ಬ ಹುಡುಗಿಗೆ ಸೇಡಂ ಭಾಗದ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತ್ತು. ಮೂರು ಸುತ್ತು ಸಂದರ್ಶನ ಆಗಿತ್ತು. ಒಪ್ಪಿಗೆ ತಿಳಿಸಲು 5 ದಿನ ಇತ್ತು. ಅವಳಿಗೆ ಕಲಬುರಗಿಯಲ್ಲೇ ಇನ್ನೊಂದು ಕೆಲಸ ಸಿಕ್ಕಿತು. ಐದನೇ ದಿನ ರಾತ್ರಿ ‘ಸಾರಿ ಸರ್, ನಾಟ್ ಇಂಟರೆಸ್ಟೆಡ್’ ಅಂತ ಟೈಪ್ ಮಾಡಿ, ಕಳಿಸುವ ಮೊದಲು ನನಗೆ ತೋರಿಸಿದಳು. ಪುಣ್ಯಕ್ಕೆ ತೋರಿಸಿದಳು.

ಮೂರು ಸುತ್ತು ಕೂತು ಬಂದವಳು ‘ಆಸಕ್ತಿ ಇಲ್ಲ’ ಅಂದರೆ ಅಷ್ಟು ದಿನ ಸುಮ್ನೆ ಆಟ ಆಡಿಸಿದಳು ಅಂತ ಅವರು ಓದಿಕೊಳ್ಳುತ್ತಾರೆ. ಆಸಕ್ತಿ ಇತ್ತು, ಬೇರೆ ಕಾರಣಕ್ಕೆ ಆಗಲಿಲ್ಲ, ಅಲ್ವಾ? ಅದನ್ನೇ ಬರೆಯಬೇಕು. ಆಫರ್ ಲೆಟರ್ ಬಂದ ಇಮೇಲ್‌ಗೇ ರಿಪ್ಲೈ ಮಾಡಿಸಿದೆ. ಹೊಸ ಇಮೇಲ್ ಆದರೆ ಅವರು ಹುಡುಕಬೇಕಾಗುತ್ತದೆ.

‘ಲ್ಯಾಬ್ ಕೆಮಿಸ್ಟ್ ಹುದ್ದೆಯ ಆಫರ್ ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ಮನೆಗೆ ಹತ್ತಿರ ಇರಬೇಕಾದ ಕಾರಣ ಕಲಬುರಗಿಯಲ್ಲೇ ಕೆಲಸ ಸೇರುತ್ತಿದ್ದೇನೆ. ಕೊನೆಯ ದಿನದವರೆಗೆ ಕಾಯಿಸಿದ್ದಕ್ಕೆ ಕ್ಷಮಿಸಿ. ಎರಡನೇ ಸುತ್ತಿನಲ್ಲಿ ಸರ್ ಕ್ಲಿಂಕರ್ ಪರೀಕ್ಷೆ ತೋರಿಸಿ ವಿವರಿಸಿದ್ದು ನನಗೆ ತುಂಬ ಉಪಯೋಗವಾಯಿತು. ಮುಂದೆ ಓಡಾಡಲು ಅನುಕೂಲವಾದಾಗ ನಿಮ್ಮಲ್ಲಿ ಹುದ್ದೆ ಇದ್ದರೆ ಖಂಡಿತ ಅರ್ಜಿ ಹಾಕುತ್ತೇನೆ.’

ಇಲ್ಲಿ ಕೊಟ್ಟ ಕಾರಣ ಅವಳದು, ಕಂಪನಿಯದಲ್ಲ. ಸಂಬಳ ಕಡಿಮೆ ಅನ್ನುವುದೇ ಕಾರಣವಾಗಿದ್ದರೆ ಆಗ ಬೇಡ ಅನ್ನುವ ಮೆಸೇಜೇ ಬೇಕಿರಲಿಲ್ಲ, ಎರಡನೇ ದಿನವೇ ಸಂಬಳ ಕೇಳಬೇಕಿತ್ತು. ಆಫರ್‌ಗೆ ಸಹಿ ಮಾಡಿ ಕಳಿಸಿಬಿಟ್ಟಿದ್ದರೆ ಮಾತೇ ಬೇರೆ. ಆಗ ಲೆಟರ್‌ನ ಷರತ್ತುಗಳನ್ನು ಓದಿಯೇ ಮುಂದೆ ಹೆಜ್ಜೆ ಇಡಿ.

ನಮ್ಮ ಹುಡುಗರಿಗೆ ಇನ್ನೊಂದು ಮಾತು. ‘ಸರ್ಕಾರಿ ನೌಕರಿ ಆಯ್ತ್ರಿ’ ಅಂತ ಬರೆದು ಖಾಸಗಿ ಆಫರ್ ಬಿಡುವವರು ಜಾಸ್ತಿ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಾಗೆ ಬರೆಯಬೇಡಿ. ದಾಖಲೆ ಪರಿಶೀಲನೆ ಆಗಿ ನೇಮಕಾತಿ ಆದೇಶ ಕೈಗೆ ಬರುವವರೆಗೆ ಏನೂ ಹೇಳಲು ಬರುವುದಿಲ್ಲ. ಕಂಪನಿಯವರಿಗೆ ಇದ್ದ ಸಂಗತಿ ಹೇಳಿ, ಸೇರುವ ತಾರೀಖು ಮುಂದಕ್ಕೆ ಹಾಕುತ್ತಾರಾ ಅಂತ ಕೇಳಿ. ಅವರು ಆಗಲ್ಲ ಅನ್ನಬಹುದು, ಆದರೆ ಕೇಳಿದ್ದಕ್ಕೆ ಯಾರೂ ಬೇಜಾರಾಗುವುದಿಲ್ಲ.

ಮಾಲಕರ ಮೆಸೇಜಿಗೆ ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಆಯ್ತ್ರಿ ಸಾಹುಕಾರ್, ಹೇಳಿದ್ದು ಛಲೋ ಆಯ್ತು.’ ಏಪ್ರಿಲ್ ಎರಡನೇ ವಾರ ಮಾಲಕರು ಮರೆಯದೆ ಫೋನ್ ಮಾಡಿದರು. ಆ ಫ್ಯಾಬ್ರಿಕೇಟರ್ ಟೇಪ್ ಹಿಡಿದು ಬಂದು ಇಳಿಸುವ ಜಾಗ ಅಳೆದರು. ಹೋಗುವಾಗ ಪಕ್ಕದ ಹೊಸ ಶೆಡ್ ನೋಡಿದರು. 5.70ರ ಕೊಟೇಶನ್‌ನಲ್ಲಿ ಗಟರ್ ಇರಲಿಲ್ಲ, ಹಾಗಾಗಿ ಹಾಕಿರಲಿಲ್ಲ. ‘ಇಲ್ಲಿಂದ ಬಿದ್ದ ನೀರು ಗ್ವಾಡಿ ಗುಂಟ ಇಳಿದು ನಿಮ್ಮ ಚೀಲಕ್ಕ ಬರ್ತದ, ಮಳಿ ಮೊದ್ಲು ಹಾಕಿಸ್ರಿ’ ಅಂದರು. ಪತ್ರಾ ಕೆಲಸದ ಜೊತೆ ಗಟರನ್ನೂ ಅವರೇ ಹಾಕಿದರು. ರೇಟ್ ಮಾತ್ರ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ಮಾಲಕರೂ ಕೇಳಲಿಲ್ಲ.