ರಿಡ್ಯಾಕ್ಷನ್: ಸ್ಕ್ರೀನ್ ರೆಕಾರ್ಡಿಂಗ್‌ನಿಂದ ಖಾಸಗಿ ವಿವರಗಳನ್ನು ತೆಗೆಯುವುದೆಂದರೆ ಏನು?

ಕಡತವೊಂದನ್ನು ಹೊರಗಿನವರಿಗೆ ಕೊಡುವ ಮೊದಲು ಅದರಲ್ಲಿರುವ ಹೆಸರು, ವಿಳಾಸ, ಖಾತೆ ಸಂಖ್ಯೆಗಳ ಮೇಲೆ ಕಪ್ಪು ಶಾಯಿ ಬಳಿಯುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ರಿಡ್ಯಾಕ್ಷನ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ‘ಮರೆಮಾಚುವುದು’ ಎಂದು ಹೇಳುವ ರೂಢಿಯಿದ್ದರೂ ಆ ಮಾತು ಪೂರ್ತಿ ಹೊಂದುವುದಿಲ್ಲ. ಮರೆಮಾಚಿದ ವಸ್ತು ಮರೆಯ ಹಿಂದೆ ಇದ್ದೇ ಇರುತ್ತದೆ; ರಿಡ್ಯಾಕ್ಷನ್ ಆದ ವಿವರವಾದರೋ ಹಂಚಿದ ಪ್ರತಿಯಲ್ಲಿ ಇರಲೇಬಾರದು. ಆದ್ದರಿಂದ ‘ಅಳಿಸಿಹಾಕುವುದು’ ಎಂಬುದೇ ಇದಕ್ಕೆ ಹೆಚ್ಚು ಹತ್ತಿರದ ಪದವೆಂದು ನನಗೆ ತೋರುತ್ತದೆ. ಸ್ಕ್ರೀನ್ ರೆಕಾರ್ಡಿಂಗ್ ಹಂಚುವವರು ಮಾಡುವ ತಪ್ಪುಗಳಲ್ಲಿ ಹಲವು, ಮರೆಗೂ ಅಳಿಸುವಿಕೆಗೂ ಇರುವ ಈ ಅಂತರವನ್ನು ಗಮನಿಸದೆ ಆಗುವಂಥವು.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಊರಿನಲ್ಲಿರುವ ತಂದೆತಾಯಿಗೆ ಆನ್‌ಲೈನ್ ಅರ್ಜಿ ತುಂಬುವುದನ್ನು ಕಲಿಸಲು ಮಗಳೊಬ್ಬಳು ತನ್ನ ಆಂಡ್ರಾಯ್ಡ್ ಫೋನಿನಲ್ಲಿ ಎರಡು ನಿಮಿಷದ ರೆಕಾರ್ಡಿಂಗ್ ಮಾಡಿದ್ದಾಳೆ, ಅದನ್ನು ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಕೆಂದಿದ್ದಾಳೆ. ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ ಇದು 3,600 ಬಿಡಿ ಚಿತ್ರಗಳ ಕಟ್ಟು. ಅವುಗಳಲ್ಲಿ ಒಂದೇ ಒಂದರಲ್ಲಿ ಪಾಸ್‌ವರ್ಡ್ ಕಂಡರೂ ಸಾಕು, ನೋಡುವವರು ಅಲ್ಲಿ ನಿಲ್ಲಿಸಿ ಓದಬಲ್ಲರು. ಓಡುವಾಗ ಕಣ್ಣಿಗೆ ಬೀಳಲಿಲ್ಲವೆಂಬುದು ಇಲ್ಲಿ ಯಾವ ರಕ್ಷಣೆಯೂ ಅಲ್ಲ.

ಆಕೆ 18ನೆಯ ಸೆಕೆಂಡಿನಿಂದ 31ರವರೆಗೆ ಮೊಬೈಲ್ ಸಂಖ್ಯೆಯನ್ನೂ ಪಾಸ್‌ವರ್ಡನ್ನೂ ಒತ್ತುತ್ತಾಳೆ. ಪಾಸ್‌ವರ್ಡಿನ ಜಾಗದಲ್ಲಿ ಕಾಣುವುದು ಚುಕ್ಕೆಗಳು ಮಾತ್ರವಾದ್ದರಿಂದ ಅದು ಸುರಕ್ಷಿತವೆಂದು ಆಕೆ ನಂಬುವುದು ಸಹಜ. ಆದರೆ ಅದೇ ಹೊತ್ತಿನಲ್ಲಿ ಕೆಳಗಿನ ಕೀಬೋರ್ಡಿನಲ್ಲಿ ಒತ್ತಿದ ಪ್ರತಿ ಅಕ್ಷರವೂ ಕ್ಷಣಕಾಲ ಉಬ್ಬಿ ಕಾಣಿಸಬಹುದು, ಅಥವಾ ಆ ಕೀಲಿಯ ಬಣ್ಣ ಬದಲಾಗಬಹುದು. ಬೆರಳು ತಾಗಿದ ಜಾಗವನ್ನು ಬಿಳಿ ಬೊಟ್ಟಿನಿಂದ ತೋರಿಸುವ ಆಯ್ಕೆಯನ್ನು ರೆಕಾರ್ಡಿಂಗ್‌ಗೆಂದು ತೆರೆದಿಟ್ಟಿದ್ದರಂತೂ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಬರೆದುಕೊಳ್ಳಬಹುದು. ಹಲವು ಫೋನುಗಳಲ್ಲಿ ಕೊನೆಯದಾಗಿ ಒತ್ತಿದ ಅಕ್ಷರವು ಚುಕ್ಕೆಯಾಗುವ ಮೊದಲು ಅರೆಗಳಿಗೆ ತನ್ನ ನಿಜರೂಪದಲ್ಲೇ ಇರುತ್ತದೆ. 33ನೆಯ ಸೆಕೆಂಡಿನಲ್ಲಿ ಪರದೆಯ ಮೇಲ್ತುದಿಯಿಂದ ಓಟಿಪಿಯ ಸಂದೇಶ ಇಳಿಯುತ್ತದೆ, ಮರುಕ್ಷಣ ಅದೇ ಅಂಕಿಗಳು ಕೀಬೋರ್ಡಿನ ಮೇಲಿನ ಸಲಹೆಯ ಪಟ್ಟಿಯಲ್ಲೂ ಬಂದು ಕೂರುತ್ತವೆ. ಹೀಗೆ ಒಂದೇ ವಿವರ ಎರಡು ಮೂರು ಕಡೆ ಮೂಡುವುದೇ ಸ್ಕ್ರೀನ್ ರೆಕಾರ್ಡಿಂಗ್‌ನ ನಿಜವಾದ ತೊಡಕು. ಪೆಟ್ಟಿಗೆಯೊಳಗೆ ಬರೆದದ್ದನ್ನು ಮಾತ್ರ ಮುಚ್ಚುವವರು ಉಳಿದವನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ. ಯುಪಿಐ ಐಡಿಯನ್ನೂ ಇಲ್ಲಿಯೇ ನೆನೆಯಬೇಕು: ಎಷ್ಟೋ ಜನರ ಐಡಿಯಲ್ಲಿ @ ಚಿಹ್ನೆಗೆ ಮೊದಲು ಇರುವುದು ಅವರ ಮೊಬೈಲ್ ಸಂಖ್ಯೆಯೇ.

ಬ್ಯಾಂಕಿನ ಆ್ಯಪ್‌ಗಳನ್ನು ರೆಕಾರ್ಡ್ ಮಾಡಿದಾಗ ಪರದೆ ಕಪ್ಪಾಗಿ ಬರುವುದನ್ನು ಕಂಡವರು, ಫೋನು ತಾನಾಗಿ ಎಲ್ಲ ಗುಟ್ಟನ್ನೂ ಕಾಯುತ್ತದೆಂದು ತಿಳಿಯುವುದುಂಟು. ಹಾಗೆ ಕಪ್ಪಾಗುವುದು, ಆ್ಯಪ್ ಬರೆದವರು FLAG_SECURE ಎಂಬ ಸೂಚನೆಯನ್ನು ಆ ಪುಟಕ್ಕೆ ಇಟ್ಟಿರುವುದರಿಂದ. ಬ್ರೌಸರಿನಲ್ಲಿ ತೆರೆದ ಸಾಮಾನ್ಯ ಪುಟಕ್ಕೆ ಆ ಕಾವಲು ಇರುವುದಿಲ್ಲ.

ಇನ್ನು ಮಬ್ಬಾಗಿಸುವ ಪ್ರಶ್ನೆ. ವಿಡಿಯೊ ತಿದ್ದುವ ಬಹುತೇಕ ಆ್ಯಪ್‌ಗಳಲ್ಲಿ ಬ್ಲರ್ ಮತ್ತು ಮೊಸಾಯಿಕ್ ಎಂಬ ಎರಡು ಸಾಧನಗಳು ಕೈಗೆ ಸಿಗುವಂತೆ ಇರುತ್ತವೆ, ನೋಡಲೂ ಅಂದವಾಗಿರುತ್ತವೆ. ಆದರೆ ಇವು ವಿವರವನ್ನು ಅಳಿಸುವುದಿಲ್ಲ, ಅದನ್ನು ಕದಡುತ್ತವೆ. ಮೊಸಾಯಿಕ್‌ನಲ್ಲಿ ಪ್ರತಿ ಚೌಕವೂ ತನ್ನೊಳಗಿದ್ದ ಪಿಕ್ಸೆಲ್ ಚುಕ್ಕಿಗಳ ಬಣ್ಣದ ಸರಾಸರಿ. 7 ಎಂಬ ಅಂಕಿಯ ಸರಾಸರಿ ಬೇರೆ, 8ರದ್ದು ಬೇರೆ. ಅದೇ ಅಕ್ಷರಶೈಲಿಯಲ್ಲಿ, ಅದೇ ಗಾತ್ರದಲ್ಲಿ 0ಯಿಂದ 9ರವರೆಗೆ ಬರೆದು, ಅದೇ ಮೊಸಾಯಿಕ್ ಹಾಕಿ, ಯಾವುದು ಹೋಲುತ್ತದೆಂದು ಒಬ್ಬರು ನೋಡಬಹುದು. ಹತ್ತು ಅಂಕಿಯ ಸಂಖ್ಯೆಯನ್ನು ಒಟ್ಟಾಗಿ ಊಹಿಸಲು ಕೋಟಿಗಟ್ಟಲೆ ಯತ್ನ ಬೇಕು ನಿಜ, ಆದರೆ ಒಂದೊಂದೇ ಅಂಕಿಯನ್ನು ಬೇರೆಯಾಗಿ ಹೋಲಿಸಲು ಬರುವಂತಿದ್ದರೆ ಹತ್ತು ಜಾಗಕ್ಕೆ ಹತ್ತು ಹತ್ತರಂತೆ ನೂರು ಯತ್ನಗಳಲ್ಲಿ ಕೆಲಸ ಮುಗಿಯುತ್ತದೆ. ವಿಡಿಯೊದಲ್ಲಿ ಅಪಾಯ ಇನ್ನೂ ಹೆಚ್ಚು. ಪುಟವನ್ನು ಮೇಲೆ ಕೆಳಗೆ ಸರಿಸಿದಾಗ ಅದೇ ಅಂಕಿಗಳು ಚೌಕಗಳ ಬೇರೆ ಬೇರೆ ಭಾಗಗಳಿಗೆ ಬೀಳುವುದರಿಂದ, ಪ್ರತಿ ಫ್ರೇಮೂ ಹೊಸದೊಂದು ಸರಾಸರಿಯನ್ನು ಒದಗಿಸುತ್ತದೆ. ಅವನ್ನೆಲ್ಲ ಜೋಡಿಸಿದರೆ ಮೂಲ ಬರಹ ಮೆಲ್ಲನೆ ಮೂಡಿಬರಬಲ್ಲದು. ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿಯುವುದೂ ಇಂಥದ್ದೇ: ಅದರ ಬಣ್ಣ ಅರೆಪಾರದರ್ಶಕ, ಚಿತ್ರದ ಬೆಳಕನ್ನು ಏರಿಸಿದರೆ ಕೆಳಗಿನದು ಕಾಣುತ್ತದೆ.

ಪೂರ್ತಿ ಅಪಾರದರ್ಶಕವಾದ ಕಪ್ಪು ಪೆಟ್ಟಿಗೆಯನ್ನು ಇಟ್ಟು, ವಿಡಿಯೊವನ್ನು ಹೊಸದಾಗಿ ಎನ್‌ಕೋಡ್ ಮಾಡಿದಾಗ, ಅಂದರೆ ಅದರ ಚಿತ್ರಗಳನ್ನು ಮತ್ತೆ ಹೊಸ ಕಡತಕ್ಕೆ ಬರೆದಾಗ ಮಾತ್ರ ಆ ಜಾಗದ ಚುಕ್ಕಿಗಳು ಹೊಸ ಕಡತದಲ್ಲಿ ಇಲ್ಲವಾಗುತ್ತವೆ. ತಿದ್ದುವ ಬಹುತೇಕ ಆ್ಯಪ್‌ಗಳಲ್ಲಿ ಇದು ಸಾಧ್ಯ. ಕಂಪ್ಯೂಟರಿನಲ್ಲಿ ffmpeg ಎಂಬ ವಿಡಿಯೊ ತಿದ್ದುವ ತಂತ್ರಾಂಶ ಇರುವವರು ನಮ್ಮ ಉದಾಹರಣೆಯ 1080×2400 ಅಳತೆಯ ರೆಕಾರ್ಡಿಂಗ್‌ಗೆ ಹೀಗೆ ಬರೆಯಬಹುದು:

```
ffmpeg -i mula.mp4 -vf "drawbox=x=0:y=860:w=1080:h=360:color=black:t=fill:enable='between(t,17,40)',drawbox=x=0:y=1440:w=1080:h=960:color=black:t=fill:enable='between(t,17,40)',drawbox=x=0:y=0:w=1080:h=420:color=black:t=fill:enable='between(t,32,40)'" -c:a copy hosa.mp4
```

ಇಲ್ಲಿ ಮೊದಲ ಪೆಟ್ಟಿಗೆ ಬರೆಯುವ ಜಾಗಗಳನ್ನೂ, ಎರಡನೆಯದು ಕೀಬೋರ್ಡನ್ನೂ ಅದರ ಸಲಹೆಯ ಪಟ್ಟಿಯನ್ನೂ, ಮೂರನೆಯದು ಓಟಿಪಿಯ ಸಂದೇಶವನ್ನೂ ಮುಚ್ಚುತ್ತದೆ. x, y ಎಂಬವು ಪೆಟ್ಟಿಗೆಯ ಎಡ ಮೇಲ್ಮೂಲೆಯ ಜಾಗ; w, h ಅದರ ಅಗಲ, ಎತ್ತರ; between ಎಂಬುದರೊಳಗಿನ ಅಂಕಿಗಳು ಸೆಕೆಂಡುಗಳು. ಒತ್ತುವುದು 18ರಲ್ಲಿ ಶುರುವಾದರೂ ಪೆಟ್ಟಿಗೆ 17ರಲ್ಲೇ ಬರುವಂತೆ ಮಾಡಿದ್ದು ಬೇಕೆಂದೇ, ಏಕೆಂದರೆ ಅಂಚಿನ ಒಂದೆರಡು ಫ್ರೇಮುಗಳೇ ತಪ್ಪಿಹೋಗುವುದು. ಅಗಲವನ್ನು ಪರದೆಯುದ್ದಕ್ಕೂ ಇಟ್ಟಿರುವುದಕ್ಕೂ ಕಾರಣವಿದೆ: ಪೆಟ್ಟಿಗೆಯು ಬರಹದಷ್ಟೇ ಉದ್ದವಿದ್ದರೆ, ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರಗಳಿವೆ ಎಂಬುದನ್ನು ಅದೇ ಹೇಳಿಬಿಡುತ್ತದೆ. ಈ ಪೆಟ್ಟಿಗೆಗಳು ನಿಂತಲ್ಲೇ ನಿಲ್ಲುತ್ತವೆ. ಮಧ್ಯೆ ಪುಟ ಸರಿದರೆ ಸಂಖ್ಯೆ ಪೆಟ್ಟಿಗೆಯ ಅಂಚಿನಿಂದ ಹೊರಗೆ ಬರುತ್ತದೆ. ಹಾಗೆ ಸರಿಯುವ ಭಾಗವನ್ನು ಮುಚ್ಚಲು ಹೆಣಗುವುದಕ್ಕಿಂತ ಕತ್ತರಿಸಿ ತೆಗೆಯುವುದು ಲೇಸು. ಬಾಯಲ್ಲಿ ಸಂಖ್ಯೆಯನ್ನು ಹೇಳಿಕೊಂಡೇ ಒತ್ತಿದ್ದರೆ ಚಿತ್ರವನ್ನು ಮುಚ್ಚಿ ಏನೂ ಫಲವಿಲ್ಲ, ಏಕೆಂದರೆ ಮೇಲಿನ ಆಜ್ಞೆ ಧ್ವನಿಯನ್ನು ಇದ್ದಂತೆಯೇ ಬಿಡುತ್ತದೆ.

ಕೆಲಸ ಆಗಿದೆಯೇ ಎಂದು ತಿಳಿಯಲು ವಿಡಿಯೊ ಓಡಿಸಿ ನೋಡಿದರೆ ಸಾಲದು. ಹೊಸ ಕಡತದಿಂದ ಆ ಭಾಗದ ಫ್ರೇಮುಗಳನ್ನು ಚಿತ್ರಗಳಾಗಿ ಹೊರತೆಗೆದು ನೋಡಬೇಕು:

```
ffmpeg -ss 16 -to 41 -i hosa.mp4 f_%04d.png
```

ಇಪ್ಪತ್ತೈದು ಸೆಕೆಂಡಿಗೆ ಸುಮಾರು 750 ಚಿತ್ರಗಳು ಬರುತ್ತವೆ. ಕಿರುಚಿತ್ರಗಳಾಗಿ ಹರಡಿಕೊಂಡು ನೋಡಿದರೆ ಎಲ್ಲಿ ಪೆಟ್ಟಿಗೆ ತಡವಾಗಿ ಬಂದಿದೆ, ಎಲ್ಲಿ ಬೇಗ ಹೋಗಿದೆ ಎಂಬುದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. 41ರ ನಂತರದ ಪುಟಗಳಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ ಬಂದಿವೆಯೇ ಎಂಬುದನ್ನೂ ಬೇರೆಯಾಗಿ ಹುಡುಕಬೇಕು, ಏಕೆಂದರೆ ಲಾಗಿನ್ ಮುಗಿದೊಡನೆ ನಮ್ಮ ಎಚ್ಚರ ಸಡಿಲವಾಗುತ್ತದೆ.

ಎಲ್ಲ ವಿವರಗಳೂ ಒಂದೇ ತೂಕದವಲ್ಲ. ಓಟಿಪಿ ಕೆಲವು ನಿಮಿಷಗಳಲ್ಲಿ ಸತ್ತುಹೋಗುತ್ತದೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬದಲಿಸಲೇಬೇಕು. ಗುಂಪಿನಿಂದ ವಿಡಿಯೊವನ್ನು ಅಳಿಸಿದರೂ ಅದಾಗಲೇ ಇಳಿಸಿಕೊಂಡವರ ಫೋನಿನಲ್ಲಿ ಅದು ಉಳಿದಿರಬಹುದು. ಮೊಬೈಲ್ ಸಂಖ್ಯೆಯನ್ನು ಬದಲಿಸುವುದು ಕಷ್ಟ, ಹುಟ್ಟಿದ ದಿನವನ್ನಂತೂ ಬದಲಿಸಲಾಗದು. ಆದ್ದರಿಂದ ಇಂಥ ವಿವರಗಳು ಬರುವ ಪುಟಗಳನ್ನು ರೆಕಾರ್ಡ್ ಮಾಡುವಾಗಲೇ ಕಲ್ಪಿತ ಹೆಸರು, ಕಲ್ಪಿತ ದಿನಾಂಕ ತುಂಬಿ, ಲಾಗಿನ್ ಮುಗಿಸಿದ ಮೇಲೆ ರೆಕಾರ್ಡಿಂಗ್ ಶುರುಮಾಡಿ, ಅರ್ಜಿ ಸಲ್ಲಿಸುವ ಗುಂಡಿಯನ್ನು ಒತ್ತುವ ಮೊದಲೇ ನಿಲ್ಲಿಸುವ ಹಾದಿಯನ್ನು ನಾನು ಮೇಲೆ ಹೇಳಿದ ಎಲ್ಲ ಕಪ್ಪು ಪೆಟ್ಟಿಗೆಗಳಿಗಿಂತ ಹೆಚ್ಚು ನಂಬುತ್ತೇನೆ.