ನಿವೃತ್ತಿಯ ಮೊದಲ ವರ್ಷಗಳಲ್ಲೇ ಮಾರುಕಟ್ಟೆ ಬಿದ್ದರೆ

ಶಿವಮೊಗ್ಗದ ವಿನೋಬನಗರದಿಂದ ಒಬ್ಬ ನಿವೃತ್ತ ಮೇಷ್ಟ್ರು ಹೆಂಡತಿಯ ಜೊತೆ ನನ್ನ ಕಚೇರಿಗೆ ಬಂದಿದ್ದರು. ಖಾಸಗಿ ಕಾಲೇಜಿನ ಕೆಲಸ, ಪಿಂಚಣಿ ಇಲ್ಲ. ಕೈಯಲ್ಲಿ 50 ಲಕ್ಷ. ಅಷ್ಟನ್ನೂ ಷೇರುಗಳಲ್ಲಿ ಹಣ ಹಾಕುವ ಈಕ್ವಿಟಿ ಮ್ಯೂಚುವಲ್ ಫಂಡ್‌ನಲ್ಲಿಟ್ಟು ವರ್ಷಕ್ಕೆ 4 ಲಕ್ಷ ತೆಗೆಯುವ ಯೋಚನೆ. "ಒಂದು ವರ್ಷ ಇಳಿದರೆ ಇನ್ನೊಂದು ವರ್ಷ ಏರುತ್ತೆ, ಕೊನೆಗೆ ಲೆಕ್ಕ ಸರಿಹೋಗುತ್ತೆ ಅಲ್ವಾ?" ಅಂದರು.

ಹಣ ಮುಟ್ಟದೆ ಬಿಟ್ಟರೆ ಸರಿಹೋಗುತ್ತದೆ. ತೆಗೆಯುತ್ತಾ ಹೋದರೆ ಇಲ್ಲ. ಅವರೆದುರೇ ಹಾಳೆಯ ಮೇಲೆ ಲೆಕ್ಕ ಹಾಕಿದೆ.

ಐದು ವರ್ಷ ಅಂದುಕೊಳ್ಳೋಣ. ಮೊದಲ ವರ್ಷ ಶೇ. 25 ಇಳಿಕೆ, ಎರಡನೇ ವರ್ಷ ಶೇ. 10 ಇಳಿಕೆ, ಆಮೇಲೆ ಶೇ. 12, 20, 25 ಏರಿಕೆ. ಏನೂ ತೆಗೆಯದಿದ್ದರೆ 50 ಲಕ್ಷ 56.7 ಲಕ್ಷ ಆಗುತ್ತದೆ. ಇದೇ ವರ್ಷಗಳನ್ನು ತಿರುಗುಮುರುಗು ಮಾಡಿದರೂ ಅಷ್ಟೇ.

ಈಗ ಪ್ರತಿ ವರ್ಷದ ಶುರುವಿಗೆ 4 ಲಕ್ಷ ತೆಗೆಯಿರಿ. ಕೆಟ್ಟ ವರ್ಷ ಮೊದಲು ಬಂದರೆ ಕೊನೆಗೆ ಉಳಿಯುವುದು 28.4 ಲಕ್ಷ. ಒಳ್ಳೆಯ ವರ್ಷ ಮೊದಲು ಬಂದರೆ 39.8 ಲಕ್ಷ. ಎರಡರಲ್ಲೂ ಅವರು ತೆಗೆದದ್ದು 20 ಲಕ್ಷವೇ.

ವ್ಯತ್ಯಾಸ ಇರುವುದು ಯೂನಿಟ್‌ಗಳಲ್ಲಿ, ಅಂದರೆ ಫಂಡ್‌ನಲ್ಲಿ ನಮ್ಮ ಹೆಸರಿಗಿರುವ ಪಾಲುಗಳಲ್ಲಿ. ಯೂನಿಟ್‌ಗೆ 100 ರೂಪಾಯಿ ಇದ್ದಾಗ 4 ಲಕ್ಷಕ್ಕೆ 4,000 ಯೂನಿಟ್ ಮಾರಿದರೆ ಸಾಕು. ಬೆಲೆ 67.5ಕ್ಕೆ ಇಳಿದಾಗ 5,926 ಮಾರಬೇಕು. ಹಾಗೆ ಹೋದ ಯೂನಿಟ್ ಮುಂದೆ ಮಾರುಕಟ್ಟೆ ಚೇತರಿಸಿಕೊಂಡಾಗ ಅವರ ಹತ್ತಿರ ಇರುವುದಿಲ್ಲ. ಶುರುವಿನಲ್ಲಿ 50,000 ಯೂನಿಟ್ ಇತ್ತು. ಕೆಟ್ಟ ವರ್ಷ ಮೊದಲು ಬಂದರೆ ಉಳಿಯುವುದು ಸುಮಾರು 25,000, ಕೊನೆಗೆ ಬಂದರೆ 35,000. ಮುಂದಿನ ಇಪ್ಪತ್ತು ವರ್ಷ ಅಷ್ಟರಲ್ಲೇ ಕಳೆಯಬೇಕು. ಅದೇ ಪೆಟ್ಟು ಎಂಬತ್ತರ ವಯಸ್ಸಿನಲ್ಲಿ ಬಿದ್ದರೆ ಹಣ ಬೇಕಾಗುವ ವರ್ಷಗಳೇ ಕಡಿಮೆ ಉಳಿದಿರುತ್ತವೆ.

ಮೇಷ್ಟ್ರ ಹೆಂಡತಿ ತೀರ್ಥಹಳ್ಳಿ ಕಡೆಯ ತೋಟದ ಮನೆಯವರು. ಅವರಿಗೆ ತಟ್ಟನೆ ಹೊಳೆಯಿತು. "ನಮ್ಮಪ್ಪ ಧಾರಣೆ ಬಿದ್ದಾಗ ಅಡಿಕೆ ಮಂಡಿಗೆ ಹಾಕ್ತಿರಲಿಲ್ಲ. ಮೂಟೆ ಕಟ್ಟಿ ಅಟ್ಟದ ಮೇಲೆ ಇಡ್ತಿದ್ರು. ಮನೆಖರ್ಚಿಗೆ ಬೇರೆ ದುಡ್ಡು ಇರ್ತಿತ್ತು." ಆ ಬೇರೆ ದುಡ್ಡಿನ ಬಗ್ಗೆಯೇ ನಾನೂ ಹೇಳಹೊರಟಿದ್ದು.

ಮೂರು ವರ್ಷದ ಖರ್ಚು, ಅಂದರೆ 12 ಲಕ್ಷ, ಎಫ್‌ಡಿಯಲ್ಲಿ ಇಟ್ಟು ಮೊದಲ ಮೂರು ವರ್ಷ ಅದರಿಂದಲೇ ತೆಗೆದರೆ, ಕೆಟ್ಟ ವರ್ಷ ಮೊದಲು ಬಂದರೂ ಕೊನೆಗೆ ಸುಮಾರು 32 ಲಕ್ಷ ಉಳಿಯುತ್ತದೆ. ಎಫ್‌ಡಿ ಬಡ್ಡಿ ಇದರಲ್ಲಿ ಸೇರಿಲ್ಲ. ತೆರಿಗೆಯನ್ನೂ ಬಿಟ್ಟಿದ್ದೇನೆ. ಮಾರುಕಟ್ಟೆ ಮೊದಲೇ ಏರಿದ್ದರೆ ಈ 12 ಲಕ್ಷಕ್ಕೆ ಕಡಿಮೆ ಗಳಿಕೆ, ಅದು ನಿಜ. ನನ್ನ ಪ್ರಕಾರ ಪಿಂಚಣಿ ಇಲ್ಲದವರು ಆ ನಷ್ಟ ಒಪ್ಪಿಕೊಳ್ಳಬೇಕು.

"ನಾಲ್ಕನೇ ವರ್ಷವೂ ಏರದಿದ್ದರೆ?" ಮೇಷ್ಟ್ರು ಬಿಡಲಿಲ್ಲ. ಆಗ ತೆಗೆಯುವ ಮೊತ್ತವನ್ನೇ ಇಳಿಸಬೇಕು, ಬೇರೆ ದಾರಿ ಇಲ್ಲ. ಮಗಳ ಮನೆಗೆ ಹೋಗಿಬರುವ ಖರ್ಚು, ಮನೆ ರಿಪೇರಿ ಯಾವುದನ್ನು ಮುಂದಕ್ಕೆ ಹಾಕಬಹುದು ಅಂತ ದಂಪತಿ ಅಲ್ಲೇ ಕೂತು ಪಟ್ಟಿ ಮಾಡಿದರು. 4 ಲಕ್ಷ 3.2 ಲಕ್ಷಕ್ಕೆ ಇಳಿಯಿತು.