ಚಿಲ್ಲರ್ ಸರಿಯಿದೆ, ಕಟ್ಟಡಕ್ಕೆ ಹೋಗುವ ನೀರು ಮಾತ್ರ ತಣ್ಣಗಿಲ್ಲ

ದೊಡ್ಡ ಕಟ್ಟಡದ ಏಸಿಗೆ ತಣ್ಣೀರು ಒದಗಿಸುವ ಚಿಲ್ಡ್ ವಾಟರ್ ಪ್ಲಾಂಟಿನ ಕಮಿಷನಿಂಗ್, ಅಂದರೆ ಹಸ್ತಾಂತರಕ್ಕೆ ಮುಂಚಿನ ಪರೀಕ್ಷೆಯ ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದು ದೋಷಗಳ ಪಟ್ಟಿಯನ್ನು. ‘ರಿಟರ್ನ್ ತಾಪಮಾನ ಕಡಿಮೆ, ಗುತ್ತಿಗೆದಾರರು ಪರಿಶೀಲಿಸಬೇಕು’ ಎಂಬ ಸಾಲು ಕಂಡರೆ ಬೇಸರವಾಗುತ್ತದೆ. ಏನನ್ನು ಪರಿಶೀಲಿಸಬೇಕು, ಎಷ್ಟು ಬಂದರೆ ಸರಿ ಅನ್ನುವುದೇ ಅಲ್ಲಿಲ್ಲ.

ಒಂದು ಪ್ಲಾಂಟಿನ ಪರೀಕ್ಷೆಯನ್ನೇ ನೋಡೋಣ. ಎರಡು ಚಿಲ್ಲರ್‌ಗಳು. ಪ್ರತಿ ಚಿಲ್ಲರ್ ಮೂಲಕ ಪ್ರೈಮರಿ ಪಂಪ್ ಸೆಕೆಂಡಿಗೆ 40 ಲೀಟರ್ ನೀರು ಹರಿಸುತ್ತದೆ. ಕಟ್ಟಡಕ್ಕೆ ನೀರು ತಳ್ಳುವುದು ಸೆಕೆಂಡರಿ ಪಂಪ್. ಎರಡರ ನಡುವೆ, ಫ್ಲೋ ಹೆಚ್ಚುಕಡಿಮೆಯಾದರೆ ಆ ವ್ಯತ್ಯಾಸದ ನೀರು ಹರಿಯಲೆಂದು ಸಪ್ಲೈ ಮತ್ತು ರಿಟರ್ನನ್ನು ಜೋಡಿಸುವ ಡಿಕಪ್ಲರ್ ಪೈಪ್. ಡಿಸೈನ್ ಪ್ರಕಾರ ನೀರು 7 ಡಿಗ್ರಿಯಲ್ಲಿ ಹೋಗಿ 13 ಡಿಗ್ರಿಗೆ ವಾಪಸ್ ಬರಬೇಕು.

ಒಂದೇ ಚಿಲ್ಲರ್ ಓಡಿಸಿದೆವು. ಅದು 7 ಡಿಗ್ರಿ ನೀರನ್ನೇ ಕೊಡುತ್ತಿತ್ತು, ಆದರೆ ಕಟ್ಟಡಕ್ಕೆ ಹೋಗುತ್ತಿದ್ದದ್ದು 8.1. ವಾಪಸ್ ಬರುತ್ತಿದ್ದದ್ದು 11. ಸೆನ್ಸರ್‌ಗಳನ್ನು ಮೊದಲೇ ಬೇರೆ ಥರ್ಮಾಮೀಟರಿನ ಜೊತೆ ಹೋಲಿಸಿದ್ದರಿಂದ ಅಳತೆಯ ಮೇಲೆ ಅನುಮಾನ ಇರಲಿಲ್ಲ. 6 ಡಿಗ್ರಿ ವ್ಯತ್ಯಾಸ ಅಳೆಯುವಾಗ ಅರ್ಧ ಡಿಗ್ರಿ ತಪ್ಪೂ ಜಾಸ್ತಿಯೇ. ಕಾರಣ ಸಿಕ್ಕಿದ್ದು ಫ್ಲೋ ಮೀಟರಿನಲ್ಲಿ. ಸೆಕೆಂಡರಿಯಲ್ಲಿ 55 ಲೀಟರ್ ಓಡುತ್ತಿತ್ತು. ಕೊರತೆಯ 15 ಲೀಟರ್ ಬಿಸಿ ರಿಟರ್ನ್ ನೀರು ಡಿಕಪ್ಲರ್‌ನಲ್ಲಿ ಹಿಮ್ಮುಖವಾಗಿ ಬಂದು ಸಪ್ಲೈಗೆ ಸೇರುತ್ತಿತ್ತು. ಚಿಲ್ಲರ್ ಮೇಲಿನ ಲೋಡ್ ಸುಮಾರು 670 ಕಿಲೋವ್ಯಾಟ್, ಅದರ ಸಾಮರ್ಥ್ಯ 1000. ಆದರೂ ಸಪ್ಲೈ ಬಿಸಿಯಾಗಿದೆ ಎಂದು ಕಂಟ್ರೋಲ್ ಎರಡನೇ ಚಿಲ್ಲರನ್ನು ಕರೆಯುತ್ತಿತ್ತು. ಸುಮ್ನೆ ಕರೆಂಟು ಖರ್ಚು.

ಅಷ್ಟು ನೀರು ಎಲ್ಲಿಗೆ ಹೋಗುತ್ತಿದೆ? ಗಾಳಿಯನ್ನು ತಣ್ಣಗೆ ಮಾಡಿ ಕೋಣೆಗಳಿಗೆ ಕಳಿಸುವ ಎಲ್ಲ ಎಎಚ್‌ಯು ವಾಲ್ವ್‌ಗಳನ್ನೂ ಮುಚ್ಚಿಸಿ, ಪಂಪನ್ನು ಕನಿಷ್ಠ ವೇಗದಲ್ಲಿ ಸ್ವಲ್ಪ ಹೊತ್ತು ಮಾತ್ರ ಓಡಿಸಿದೆವು. ಆಗ ಫ್ಲೋ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. 9 ಲೀಟರ್ ಹರಿಯುತ್ತಲೇ ಇತ್ತು. ಪರದೆಯಲ್ಲಿ ‘ಮುಚ್ಚಿದೆ’ ಎಂದು ಕಾಣುವುದು ಎಷ್ಟೋ ಕಡೆ ಬರೀ ಆದೇಶ, ವಾಲ್ವಿನ ನಿಜಸ್ಥಿತಿ ಅಲ್ಲ. ಹಾಗಾಗಿ ಮಹಡಿ ಮಹಡಿ ಹತ್ತಿ, ಫ್ಯಾನ್ ನಿಂತ ಎಎಚ್‌ಯುಗಳ ರಿಟರ್ನ್ ಪೈಪಿನ ತಾಪಮಾನ ಅಳೆದೆವು. ಕೆಲವು ಪೈಪುಗಳು ಸಪ್ಲೈಯಷ್ಟೇ ತಣ್ಣಗಿದ್ದವು. ಪೈಪ್ ತೊಳೆಯುವಾಗ, ನೀರು ಗಾಳಿ ತಣಿಸುವ ಕಾಯಿಲ್ ಬಿಟ್ಟು ನೇರ ರಿಟರ್ನಿಗೆ ಹೋಗಲೆಂದು ತೆರೆದ ಬೈಪಾಸ್ ವಾಲ್ವ್‌ಗಳನ್ನು ಯಾರೂ ಮುಚ್ಚಿರಲಿಲ್ಲ. ಅಲ್ಲಿ ಸೋರಿದ ನೀರಿನಿಂದ ಸೆಕೆಂಡರಿ ಫ್ಲೋ ಪ್ರೈಮರಿಯನ್ನು ಮೀರಿ, ಸಪ್ಲೈ ಬಿಸಿಯಾಯಿತು. ಅದನ್ನು ಸರಿದೂಗಿಸಲು ಉಳಿದ ಕಾಯಿಲ್‌ಗಳ ವಾಲ್ವ್‌ಗಳು ಇನ್ನಷ್ಟು ತೆರೆದುಕೊಂಡು, ಫ್ಲೋ ಮತ್ತೂ ಏರಿತು.

ವರದಿಯಲ್ಲಿ ಇದನ್ನು ಹೀಗೆ ಬರೆಯಬೇಕು: ಒಂದು ಚಿಲ್ಲರ್ ಓಡುವಾಗ ಸೆಕೆಂಡರಿ ಫ್ಲೋ 55, ಇರಬೇಕಾದದ್ದು 40ರೊಳಗೆ. ಕಾರಣ, ತೆರೆದ ಬೈಪಾಸ್‌ಗಳು, ಅವುಗಳ ಎಎಚ್‌ಯು ನಂಬರ್ ಸಮೇತ. ಕ್ರಮ, ಪೈಪಿಂಗ್ ಗುತ್ತಿಗೆದಾರರು ಮುಚ್ಚಿ, ಹ್ಯಾಂಡಲ್ ತೆಗೆದು, ಟ್ಯಾಗ್ ಹಾಕಬೇಕು. ‘ಮುಚ್ಚಿದ್ದೇವೆ’ ಎಂಬ ಪತ್ರ ಬಂದ ಮಾತ್ರಕ್ಕೆ ಆ ಸಾಲನ್ನು ನಾನು ಮುಗಿಸುವುದಿಲ್ಲ. ಅದೇ ಲೋಡಿನಲ್ಲಿ ಮತ್ತೆ ಪರೀಕ್ಷೆ ಆಗಲೇಬೇಕು. ಇಲ್ಲಿ ಎರಡನೇ ಸಲ ಫ್ಲೋ 29ಕ್ಕೆ ಇಳಿಯಿತು, ಸಪ್ಲೈ 7, ರಿಟರ್ನ್ 12.5. ಎರಡನೇ ಚಿಲ್ಲರ್ ಎದ್ದೇಳಲಿಲ್ಲ.

ರಿಟರ್ನ್ ಇನ್ನೂ 13 ಮುಟ್ಟಿಲ್ಲ, ಅಲ್ವಾ? ಕಾಯಿಲ್‌ಗಳು ಪೂರ್ತಿ ಲೋಡಿನಲ್ಲಿ ಹೇಗೆ ನಡೆಯುತ್ತವೆ ಎಂಬುದು ಆ ದಿನದ ಹವೆಯಲ್ಲಿ ತಿಳಿಯುವಂತಿರಲಿಲ್ಲ. ಆ ಪರೀಕ್ಷೆಯನ್ನು ಕಡು ಬೇಸಿಗೆಗೆ ಬಾಕಿ ಎಂದು ಬರೆದು, ಆ ಸಾಲನ್ನು ತೆರೆದೇ ಇಟ್ಟೆವು.